ಕಂಪನಿ ದಿವಾಳಿಯಾದರೆ ಬಾಕಿ ಸಂಬಳ ಯಾವಾಗ, ಎಷ್ಟು ಸಿಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿ ದಿವಾಳಿ ಅಂತ ನೋಟಿಸ್ ಬಂದಿದೆ. ನಮ್ಮ ಸಂಬಳ ಮೊದಲು ಕೊಡಲೇಬೇಕು ಅಲ್ವಾ?

ದಿವಾಳಿ ಪ್ರಕ್ರಿಯೆಯ ಖರ್ಚು ಬಿಟ್ಟರೆ ಮೊದಲ ಸಾಲಿನಲ್ಲೇ ನಿಲ್ಲುತ್ತೀರಿ, ಆದರೆ ಒಬ್ಬರೇ ಅಲ್ಲ. ಬ್ಯಾಂಕೂ ನಿಮ್ಮ ಪಕ್ಕದಲ್ಲೇ ನಿಂತಿರುತ್ತದೆ. ಜೊತೆಗೆ, ಬಾಕಿಯೆಲ್ಲ ಆ ಸಾಲಿಗೆ ಬರುವುದಿಲ್ಲ. ಕಾನೂನು ಹೇಳಿರುವ ಒಂದು ಅವಧಿಯ ಬಾಕಿ ಮಾತ್ರ ಬರುತ್ತದೆ. ಕಾರ್ಮಿಕರಿಗೆ ಹೆಚ್ಚು ನಷ್ಟ ಆಗುವುದು ಈ ಅವಧಿಯನ್ನು ತಪ್ಪಾಗಿ ತಿಳಿದುಕೊಳ್ಳುವುದರಿಂದಲೇ. ಅದಕ್ಕೇ ಈ ಪುಟದಲ್ಲಿ ಅದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಇಲ್ಲಿ ಹೇಳುತ್ತಿರುವುದು 2016ರ ದಿವಾಳಿ ಸಂಹಿತೆಯ ಬಗ್ಗೆ. ಎಲ್ಲರೂ ಅದನ್ನು ಐಬಿಸಿ ಅನ್ನುತ್ತಾರೆ. ನೋಂದಣಿಯಾದ ಕಂಪನಿ ಸಾಲ ತೀರಿಸಲಾಗದೆ ಮುಚ್ಚುವಾಗ ಈಗ ಬಹುಪಾಲು ಇದೇ ಕಾನೂನು ಅನ್ವಯಿಸುತ್ತದೆ. ಒಬ್ಬರೇ ಮಾಲೀಕರಿರುವ ಅಂಗಡಿ, ಪಾಲುದಾರಿಕೆಯ ವರ್ಕ್‌ಶಾಪ್ ಇವಕ್ಕೆ ಈ ಪುಟದ ಲೆಕ್ಕ ಹೊಂದುವುದಿಲ್ಲ.

ದುಡ್ಡು ಹಂಚುವ ಕ್ರಮ ಹೇಗೆ?

ಕಂಪನಿಯ ಜಾಗ, ಮಷೀನು, ಸ್ಟಾಕು ಎಲ್ಲ ಮಾರಿ ಬಂದ ಹಣವನ್ನು ಲಿಕ್ವಿಡೇಟರ್ ಹಂಚುತ್ತಾರೆ. ಹೀಗೆ ಆಸ್ತಿ ಮಾರಿ ಕಂಪನಿ ಮುಚ್ಚುವುದೇ ಲಿಕ್ವಿಡೇಶನ್, ಅದನ್ನು ನಡೆಸುವವರೇ ಲಿಕ್ವಿಡೇಟರ್. ಕ್ರಮವನ್ನು ಸಂಹಿತೆಯ 53ನೇ ಸೆಕ್ಷನ್ ಹೇಳುತ್ತದೆ. ಮೇಲಿನ ಮೆಟ್ಟಿಲಿನವರಿಗೆ ಪೂರ್ತಿ ಸಂದಾಯವಾದ ಮೇಲೆಯೇ ಕೆಳಗಿನವರಿಗೆ ಹಣ ಬರುತ್ತದೆ.

ಎಲ್ಲಕ್ಕಿಂತ ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಲಿಕ್ವಿಡೇಟರ್ ಫೀಸು, ಸೆಕ್ಯುರಿಟಿ ಗಾರ್ಡು, ಹರಾಜಿನ ಜಾಹೀರಾತು, ವಕೀಲರು ಎಲ್ಲ ಇದರಲ್ಲಿ ಬರುತ್ತವೆ. ಎರಡನೇ ಮೆಟ್ಟಿಲಿನಲ್ಲಿ ಇಬ್ಬರು ಸಮನಾಗಿ ನಿಲ್ಲುತ್ತಾರೆ. ಒಬ್ಬರು ಕಾರ್ಮಿಕರು, ಲಿಕ್ವಿಡೇಶನ್ ಶುರುವಾದ ದಿನಕ್ಕೆ ಹಿಂದಿನ 24 ತಿಂಗಳ ಬಾಕಿಗೆ. ಇನ್ನೊಬ್ಬರು ಅಡಮಾನ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು, ಆ ಅಡಮಾನವನ್ನು ಎಲ್ಲರ ಪಾಲಿಗೆ ಬಿಟ್ಟುಕೊಟ್ಟಿದ್ದರೆ. ಮೂರನೇ ಮೆಟ್ಟಿಲು ಕಾರ್ಮಿಕರಲ್ಲದ ಸಿಬ್ಬಂದಿಯದು. ಅವರಿಗೆ 12 ತಿಂಗಳ ಬಾಕಿ ಮಾತ್ರ. ಆಮೇಲೆ ಅಡಮಾನವಿಲ್ಲದೆ ಸಾಲ ಕೊಟ್ಟವರು. ಆಮೇಲೆ ಸರ್ಕಾರದ ತೆರಿಗೆ ಬಾಕಿ. ಅದರ ಕೆಳಗೆ ಉಳಿದ ಎಲ್ಲ ಬಾಕಿಗಳು, ಕೊನೆಗೆ ಷೇರುದಾರರು.

ಸರ್ಕಾರದ ತೆರಿಗೆಗಿಂತ ನಿಮ್ಮ ಕೂಲಿ ಮೇಲಿದೆ. ಇದು ಸಣ್ಣ ವಿಷಯ ಅಲ್ಲ. ಆದರೆ ಬ್ಯಾಂಕಿನ ಸಾಲ ಕಾರ್ಮಿಕರ ಬಾಕಿಗಿಂತ ಎಷ್ಟೋ ಪಟ್ಟು ದೊಡ್ಡದಿರುತ್ತದೆ. ಸಮನಾಗಿ ನಿಂತರೂ ಹಂಚಿಕೆ ಬಾಕಿಯ ಪ್ರಮಾಣದಲ್ಲಿ ಆಗುವುದರಿಂದ ದೊಡ್ಡ ಪಾಲು ಬ್ಯಾಂಕಿಗೇ ಹೋಗುತ್ತದೆ.

ಈ 24 ತಿಂಗಳನ್ನು ಯಾವ ದಿನದಿಂದ ಎಣಿಸುತ್ತಾರೆ? ಸಂಬಳ ನಿಂತ ದಿನದಿಂದಲೇ?

ಅಲ್ಲ. ಬಹಳ ಜನ ಎಡವುವುದು ಇಲ್ಲೇ. ಎಣಿಕೆ ಶುರುವಾಗುವುದು ಎನ್‌ಸಿಎಲ್‌ಟಿ, ಅಂದರೆ ಕಂಪನಿ ಕಾನೂನು ನ್ಯಾಯಮಂಡಳಿ, ಲಿಕ್ವಿಡೇಶನ್ ಆದೇಶ ಕೊಟ್ಟ ದಿನದಿಂದ. ಅಲ್ಲಿಂದ ಹಿಂದಕ್ಕೆ 24 ತಿಂಗಳು. ಗೇಟಿಗೆ ಬೀಗ ಬಿದ್ದ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ. ದಿವಾಳಿ ಅರ್ಜಿ ಹಾಕಿದ ದಿನಕ್ಕೂ ಇಲ್ಲ.

ಲಿಕ್ವಿಡೇಶನ್ ಆದೇಶ ಒಮ್ಮೆಲೇ ಬರುವುದಿಲ್ಲ. ಮೊದಲು ಯಾರಾದರೂ ಅರ್ಜಿ ಹಾಕಬೇಕು, ಅದನ್ನು ಎನ್‌ಸಿಎಲ್‌ಟಿ ಅಂಗೀಕರಿಸಬೇಕು. ಆಮೇಲೆ ಕಂಪನಿಯನ್ನು ಕೊಳ್ಳುವವರು ಯಾರಾದರೂ ಸಿಗುತ್ತಾರಾ ಎಂದು ಹುಡುಕುತ್ತಾರೆ. ಇದಕ್ಕೆ ಕಾನೂನು ಕೊಟ್ಟಿರುವ ಹೊರಮಿತಿ 330 ದಿನ, ಆದರೆ ಎಷ್ಟೋ ಕೇಸುಗಳು ಅದನ್ನೂ ದಾಟುತ್ತವೆ. ಯಾರೂ ಸಿಗದಿದ್ದರೆ ಆಗ ಲಿಕ್ವಿಡೇಶನ್. ಈ ಸಮಯವೆಲ್ಲ ನಿಮ್ಮ 24 ತಿಂಗಳನ್ನು ತಿನ್ನುತ್ತಾ ಹೋಗುತ್ತದೆ.

ಜೆಟ್ ಏರ್‌ವೇಸ್ ತಾರೀಕುಗಳನ್ನೇ ನೋಡಿ. ವಿಮಾನ ಹಾರಾಟ ನಿಂತಿದ್ದು 2019ರ ಏಪ್ರಿಲ್‌ನಲ್ಲಿ. ದಿವಾಳಿ ಅರ್ಜಿ ಅಂಗೀಕಾರವಾಗಿದ್ದು ಅದೇ ವರ್ಷ ಜೂನ್‌ನಲ್ಲಿ. ಕೊಳ್ಳುವವರ ಯೋಜನೆಗೆ ಒಪ್ಪಿಗೆ ಸಿಕ್ಕರೂ ಅದು ಜಾರಿಯಾಗಲಿಲ್ಲ. ಕೊನೆಗೆ ಲಿಕ್ವಿಡೇಶನ್ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ನವೆಂಬರ್ 7ರಂದು. ಆ ದಿನದಿಂದ 24 ತಿಂಗಳು ಹಿಂದಕ್ಕೆ ಹೋದರೆ 2022ರ ನವೆಂಬರ್‌ಗೆ ನಿಲ್ಲುತ್ತೇವೆ.

ಅವಧಿಯ ಹೊರಗೆ ಬಿದ್ದ ಬಾಕಿ ಏನಾಗುತ್ತದೆ?

ಅದು ರದ್ದಾಗುವುದಿಲ್ಲ, ಆದರೆ ಬಹಳ ಕೆಳಗೆ, ತೆರಿಗೆಗೂ ಕೆಳಗಿನ ‘ಉಳಿದ ಬಾಕಿ’ಯ ಮೆಟ್ಟಿಲಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಹಣ ಬರುವುದು ತೀರಾ ಅಪರೂಪ.

ಒಂದು ಉದಾಹರಣೆ ಕೊಟ್ಟು ಲೆಕ್ಕ ಹೇಳಿ.

ಪೀಣ್ಯದಲ್ಲಿ 120 ಕಾರ್ಮಿಕರ ಒಂದು ಕಾರ್ಖಾನೆ ಇದೆ ಎಂದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡದ್ದು. ಒಬ್ಬೊಬ್ಬರಿಗೂ ತಿಂಗಳಿಗೆ 15,000 ರೂಪಾಯಿ ಸಂಬಳ. 2023ರ ಜನವರಿಯಿಂದ ಸಂಬಳ ನಿಂತಿತು. ಇವತ್ತು ಕೊಡುತ್ತೇವೆ, ನಾಳೆ ಕೊಡುತ್ತೇವೆ ಎಂಬ ಮಾತು ನಂಬಿ ಜೂನ್ ಕೊನೆಯವರೆಗೆ ಎಲ್ಲರೂ ದುಡಿದರು. ಆಮೇಲೆ ಗೇಟು ಮುಚ್ಚಿತು. ಒಬ್ಬರಿಗೆ ಆರು ತಿಂಗಳ ಬಾಕಿ 90,000. ಎಲ್ಲರದೂ ಸೇರಿ 1 ಕೋಟಿ 8 ಲಕ್ಷ.

ಬ್ಯಾಂಕು ಅರ್ಜಿ ಹಾಕಿತು, ಕೊಳ್ಳುವವರು ಸಿಗಲಿಲ್ಲ, 2025ರ ಏಪ್ರಿಲ್ 1ರಂದು ಲಿಕ್ವಿಡೇಶನ್ ಆದೇಶ ಬಂತು. ಹಿಂದಿನ 24 ತಿಂಗಳು ಅಂದರೆ 2023ರ ಏಪ್ರಿಲ್ 1ರಿಂದ ಈಚೆಗೆ. ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ ಸಂಬಳ ಹೊರಗೆ ಬಿತ್ತು. ಏಪ್ರಿಲ್, ಮೇ, ಜೂನ್ ಮಾತ್ರ ಒಳಗೆ. ಒಬ್ಬರಿಗೆ 45,000, ಎಲ್ಲರಿಗೂ ಸೇರಿ 54 ಲಕ್ಷ.

ಆಸ್ತಿ ಮಾರಿ 5 ಕೋಟಿ ಬಂತು. ಪ್ರಕ್ರಿಯೆಯ ಖರ್ಚು 50 ಲಕ್ಷ ಹೋಗಿ ಉಳಿದದ್ದು ನಾಲ್ಕೂವರೆ ಕೋಟಿ. ಎರಡನೇ ಮೆಟ್ಟಿಲಿನಲ್ಲಿ ಬ್ಯಾಂಕಿನ ಬಾಕಿ 8 ಕೋಟಿ 46 ಲಕ್ಷ, ಕಾರ್ಮಿಕರದು 54 ಲಕ್ಷ. ಒಟ್ಟು 9 ಕೋಟಿ. ಅಂದರೆ ರೂಪಾಯಿಗೆ 50 ಪೈಸೆ. ಒಬ್ಬ ಕಾರ್ಮಿಕನ ಕೈಗೆ 22,500. ಹಣ ಅಲ್ಲಿಗೇ ಮುಗಿಯಿತು. ಹೊರಗೆ ಬಿದ್ದ 45,000ಕ್ಕೆ ಏನೂ ಇಲ್ಲ. ಮೂರನೇ ಮೆಟ್ಟಿಲಿನ ಅಕೌಂಟೆಂಟ್, ಮ್ಯಾನೇಜರ್‌ಗಳಿಗೂ ಏನೂ ಇಲ್ಲ.

ಅದೇ ಆದೇಶ ಮೂರೇ ತಿಂಗಳು ಮೊದಲು, 2025ರ ಜನವರಿ 1ರಂದು ಬಂದಿದ್ದರೆ? ಆರೂ ತಿಂಗಳ ಸಂಬಳ ಅವಧಿಯೊಳಗೆ ಬರುತ್ತಿತ್ತು. ಕಾರ್ಮಿಕರ ಬಾಕಿ 1 ಕೋಟಿ 8 ಲಕ್ಷ, ಬ್ಯಾಂಕಿನದು ಅಷ್ಟೇ. ರೂಪಾಯಿಗೆ ಸುಮಾರು 47 ಪೈಸೆ. ಒಬ್ಬರಿಗೆ ಸುಮಾರು 42,450. ಅದೇ ಕಾರ್ಖಾನೆ, ಅದೇ ಆಸ್ತಿ, ಅದೇ ಬೆವರು. ತಾರೀಕು ಬದಲಾಗಿದ್ದಕ್ಕೆ ಒಬ್ಬೊಬ್ಬರಿಗೂ ಹತ್ತಿರ ಹತ್ತಿರ 20,000 ರೂಪಾಯಿ ವ್ಯತ್ಯಾಸ. ಪ್ರಕ್ರಿಯೆ ಎಳೆದಾಡಿದ್ದು ಕಾರ್ಮಿಕರ ತಪ್ಪಲ್ಲ. ಆದರೂ ಅದರ ಬೆಲೆ ತೆರುವವರು ಅವರೇ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಈ ಲೆಕ್ಕದಲ್ಲಿ ಬರೀ ಸಂಬಳ ಹಿಡಿದಿದ್ದೇನೆ. ಬಳಸದೆ ಉಳಿದ ರಜೆಯ ಹಣ, ಕೆಲಸದಿಂದ ತೆಗೆದದ್ದಕ್ಕೆ ಸಿಗಬೇಕಾದ ಪರಿಹಾರ ಇವೂ ಕಾರ್ಮಿಕರ ಬಾಕಿಯಲ್ಲಿ ಸೇರುತ್ತವೆ. ಲಿಕ್ವಿಡೇಟರ್ ಕಂಪನಿಯ ವ್ಯವಹಾರ ಮುಂದುವರಿಸದಿದ್ದರೆ, ಲಿಕ್ವಿಡೇಶನ್ ಆದೇಶವೇ ಕೆಲಸದಿಂದ ಬಿಡುಗಡೆಯ ನೋಟಿಸ್ ಎಂದು ಕಾನೂನು ಹೇಳುತ್ತದೆ. ಹಾಗಾಗಿ ಕ್ಲೇಮ್ ಬರೆಯುವಾಗ ಪರಿಹಾರವನ್ನು ಬಿಡಬೇಡಿ.

ಹಾಗಾದರೆ ನಾವೇ ಬೇಗ ಅರ್ಜಿ ಹಾಕಬಹುದಾ?

ಹಾಕಬಹುದು. ಸಂಬಳ ಬಾಕಿ ಇರುವವರು ಕಾನೂನಿನ ಕಣ್ಣಲ್ಲಿ ಸಾಲ ಕೊಟ್ಟವರೇ. ತೊಡಕು ಏನೆಂದರೆ ಬಾಕಿ ಕನಿಷ್ಠ 1 ಕೋಟಿ ಇರಬೇಕು. 2020ರ ಮಾರ್ಚ್‌ವರೆಗೆ ಈ ಮಿತಿ 1 ಲಕ್ಷ ಇತ್ತು. ಒಬ್ಬ ಕಾರ್ಮಿಕನಿಗೆ 1 ಕೋಟಿ ಸಂಬಳ ಬಾಕಿ ಇರುವುದು ಸಾಧ್ಯವೇ?

ಇಲ್ಲಿ ಸಂಘ ಇದ್ದರೆ ಉಪಯೋಗಕ್ಕೆ ಬರುತ್ತದೆ. ಸೆಣಬಿನ ಗಿರಣಿಯೊಂದರ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. ನೋಂದಾಯಿತ ಕಾರ್ಮಿಕ ಸಂಘ ತನ್ನ ಸದಸ್ಯರ ಪರವಾಗಿ ಒಂದೇ ಅರ್ಜಿ ಹಾಕಬಹುದು, ಒಬ್ಬೊಬ್ಬರೂ ಬೇರೆ ಬೇರೆ ಹಾಕಬೇಕಿಲ್ಲ ಎಂದಿತು. ನಮ್ಮ ಉದಾಹರಣೆಯ 120 ಜನರ ಬಾಕಿ 1 ಕೋಟಿ 8 ಲಕ್ಷ. ಸಂಘ ಇದ್ದಿದ್ದರೆ 2023ರ ಜುಲೈನಲ್ಲೇ ಕಂಪನಿಗೆ ಬೇಡಿಕೆ ನೋಟಿಸ್ ಕೊಟ್ಟು, ಹತ್ತು ದಿನ ಕಾದು, ಅರ್ಜಿ ಹಾಕಬಹುದಿತ್ತು.

ಆದರೆ ಒಂದು ಎಚ್ಚರ. ಬಾಕಿಯ ಬಗ್ಗೆ ನೋಟಿಸಿಗೆ ಮೊದಲೇ ನಿಜವಾದ ತಕರಾರು ಇತ್ತು ಎಂದು ಕಂಪನಿ ತೋರಿಸಿದರೆ ಅರ್ಜಿ ಬೀಳುತ್ತದೆ. ಸಂಬಳದ ಮೊತ್ತವನ್ನು ಒಪ್ಪಿಕೊಂಡ ಪತ್ರವೋ ಇಮೇಲೋ ಮೊದಲೇ ತೆಗೆದಿಟ್ಟುಕೊಂಡಿರಿ.

ಪಿಎಫ್ ಹಣವೂ ಇದೇ ಸಾಲಿನಲ್ಲಿ ಕಾಯಬೇಕಾ?

ಬೇಡ. ಪಿಎಫ್, ಪಿಂಚಣಿ ನಿಧಿ, ಗ್ರಾಚ್ಯುಟಿ ನಿಧಿಯಿಂದ ಕಾರ್ಮಿಕರಿಗೂ ಸಿಬ್ಬಂದಿಗೂ ಬರಬೇಕಾದ ಹಣ ಕಂಪನಿಯ ಆಸ್ತಿಯೇ ಅಲ್ಲ ಎಂದು 36ನೇ ಸೆಕ್ಷನ್ ಹೇಳುತ್ತದೆ. ಆಸ್ತಿಯೇ ಅಲ್ಲದ ಮೇಲೆ ಬ್ಯಾಂಕಿನ ಜೊತೆ ಹಂಚಿಕೊಳ್ಳುವ ಮಾತೇ ಬರುವುದಿಲ್ಲ. 24 ತಿಂಗಳ ಮಿತಿಯೂ ಇಲ್ಲ. ಎಬಿಜಿ ಶಿಪ್‌ಯಾರ್ಡ್ ಕೇಸಿನಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ನಿಮ್ಮ ಪಿಎಫ್ ಪಾಸ್‌ಬುಕ್ಕನ್ನು ತೆರೆದು ತಿಂಗಳು ತಿಂಗಳು ನೋಡಿ. ಸಂಬಳ ಚೀಟಿಯಲ್ಲಿ ಕಡಿತ ತೋರಿಸಿ, ಪಾಸ್‌ಬುಕ್ಕಿನಲ್ಲಿ ಆ ತಿಂಗಳು ಖಾಲಿ ಇದ್ದರೆ ಕಂಪನಿ ಹಣ ಹಿಡಿದುಕೊಂಡು ಕಟ್ಟಿಲ್ಲ ಎಂದರ್ಥ. ಆ ತಿಂಗಳುಗಳ ಪಟ್ಟಿ ಮಾಡಿ ಪಿಎಫ್ ಕಚೇರಿಗೂ ಲಿಕ್ವಿಡೇಟರ್‌ಗೂ ಬರೆದು ಕೊಡಿ.

ಗ್ರಾಚ್ಯುಟಿ ಇಷ್ಟು ಸಲೀಸಲ್ಲ. ಕಂಪನಿ ಮೊದಲೇ ಎಲ್‌ಐಸಿಯಲ್ಲೋ ಟ್ರಸ್ಟಿನಲ್ಲೋ ಹಣ ಕಟ್ಟಿಟ್ಟಿದ್ದರೆ ಅದು ಕ್ಷೇಮ. ನಿಧಿಯನ್ನೇ ಮಾಡದಿದ್ದರೆ ‘ಇಲ್ಲದ ನಿಧಿಯಿಂದ ಎಲ್ಲಿಂದ ಕೊಡಲಿ’ ಎಂದು ಲಿಕ್ವಿಡೇಟರ್ ಕೇಳುತ್ತಾರೆ. 2020ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಈ ವಾದವನ್ನು ಒಪ್ಪಿತ್ತು. 2022ರಲ್ಲಿ ಅದೇ ಮಂಡಳಿ, ಜೆಟ್ ಏರ್‌ವೇಸ್‌ಗೆ ಕೊಳ್ಳುವವರ ಯೋಜನೆ ಇದ್ದಾಗ, ಕಾರ್ಮಿಕರ ಪಿಎಫ್ ಮತ್ತು ಗ್ರಾಚ್ಯುಟಿ ಪೂರ್ತಿ ಕೊಡಿ ಎಂದಿತು. ಅದರ ವಿರುದ್ಧದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತಳ್ಳಿಹಾಕಿತು. ಹಾಗಾಗಿ ನಿಧಿ ಇರಲಿ ಬಿಡಲಿ, ಗ್ರಾಚ್ಯುಟಿಯನ್ನು ಬೇರೆ ಸಾಲಿನಲ್ಲಿ ಬರೆದು ಪೂರ್ತಿ ಕೇಳಿ.

ನಾನು ಸೂಪರ್‌ವೈಸರ್. ನಾನು ಕಾರ್ಮಿಕನಾ, ಸಿಬ್ಬಂದಿಯಾ?

ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುತ್ತಿದ್ದ ಕೆಲಸ ಮುಖ್ಯ. ದಿನವೂ ಮಷೀನಿನ ಮುಂದೆ ನಿಂತು ಎಲ್ಲರಂತೆ ದುಡಿಯುತ್ತಿದ್ದವರ ಕಾರ್ಡಿನ ಮೇಲೆ ‘ಸೂಪರ್‌ವೈಸರ್’ ಎಂದಿದ್ದರೂ ಕಾರ್ಮಿಕ ಎಂದು ವಾದಿಸಬಹುದು. ನಿಜವಾಗಿಯೂ ಮೇಲ್ವಿಚಾರಣೆಯೇ ಕೆಲಸ ಆಗಿದ್ದರೆ ಸಂಬಳದ ಮಿತಿ ನೋಡುತ್ತಾರೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದು ತಿಂಗಳಿಗೆ 10,000 ರೂಪಾಯಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000. ಇದು ಬರೀ ಪದದ ಜಗಳ ಅಲ್ಲ. ಎರಡನೇ ಮೆಟ್ಟಿಲೋ ಮೂರನೆಯದೋ ಎಂಬುದೇ ಏನಾದರೂ ಸಿಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ದಿವಾಳಿ ಪ್ರಕ್ರಿಯೆ ಶುರುವಾದ ಮೇಲೂ ನಾವು ಕೆಲಸ ಮಾಡಿದ್ದೇವೆ. ಆ ಸಂಬಳ?

ಅದಕ್ಕೆ ಎಲ್ಲಕ್ಕಿಂತ ಮೇಲಿನ ಜಾಗ ಇದೆ. ಆ ಸಮಯದಲ್ಲಿ ಕಂಪನಿ ನಡೆಯುತ್ತಿದ್ದರೆ ಮತ್ತು ನೀವು ನಿಜವಾಗಿ ದುಡಿದಿದ್ದರೆ ಆ ಸಂಬಳ ಪ್ರಕ್ರಿಯೆಯ ಖರ್ಚು ಎನಿಸುತ್ತದೆ. ಅದು ಪೂರ್ತಿ ಬರಬೇಕು, ಬ್ಯಾಂಕಿಗಿಂತ ಮೊದಲು. ಇದನ್ನೂ ಎಬಿಜಿ ಶಿಪ್‌ಯಾರ್ಡ್ ತೀರ್ಪೇ ಹೇಳಿದ್ದು. ಮನೆಯಲ್ಲಿ ಕೂತು ಹಾಜರಾತಿಯಲ್ಲಿ ಮಾತ್ರ ಹೆಸರಿದ್ದರೆ ಆ ಸಂಬಳ ಎಂದಿನ ಮೆಟ್ಟಿಲಿಗೇ ಹೋಗುತ್ತದೆ.

ಹಾಗಾಗಿ ಪ್ರಕ್ರಿಯೆ ಶುರುವಾದ ದಿನದಿಂದ ಹಾಜರಾತಿಗೆ ಸಾಕ್ಷಿ ಇಟ್ಟುಕೊಳ್ಳಿ. ಗೇಟ್ ಪಾಸ್, ಉತ್ಪಾದನೆಯ ಚೀಟಿ, ಶಿಫ್ಟ್ ಹಾಕಿದ ವಾಟ್ಸಾಪ್ ಮೆಸೇಜು, ಯಾವುದಾದರೂ ಸರಿ.

ಕ್ಲೇಮ್ ಎಲ್ಲಿ, ಹೇಗೆ ಹಾಕಬೇಕು?

ಮೊದಲು ಪ್ರಕಟಣೆ ಹುಡುಕಿ. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಮತ್ತು ಪ್ರಾದೇಶಿಕ ಭಾಷೆಯ ಪತ್ರಿಕೆಯೊಂದರಲ್ಲಿ ಜಾಹೀರಾತು ಬರುತ್ತದೆ. ಅದು ಕಣ್ಣಿಗೆ ಬೀಳದಿದ್ದರೆ ibbi.gov.in ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ನೋಡಿ. ಇಲ್ಲೊಂದು ವಿಷಯ ನಮ್ಮ ಕಡೆಯವರಿಗೆ ತಿಳಿದಿರಬೇಕು. ಕೇಸು ಯಾವ ಊರಿನ ಎನ್‌ಸಿಎಲ್‌ಟಿಯಲ್ಲಿ ನಡೆಯುತ್ತದೆ ಎಂಬುದು ಕಂಪನಿಯ ನೋಂದಾಯಿತ ಕಚೇರಿಯ ಮೇಲೆ ನಿಂತಿದೆ. ಕಾರ್ಖಾನೆ ಹರಿಹರದಲ್ಲಿದ್ದು ಕಚೇರಿ ಮುಂಬೈಯಲ್ಲಿದ್ದರೆ ಕೇಸು ಮುಂಬೈ ಪೀಠದಲ್ಲೇ ನಡೆಯುತ್ತದೆ. ಬೆಂಗಳೂರು ಪೀಠದ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕ್ಲೇಮ್ ಹಾಕಲು ಎರಡು ಸಂದರ್ಭಗಳಿವೆ. ಕೊಳ್ಳುವವರನ್ನು ಹುಡುಕುವ ಮೊದಲ ಹಂತದಲ್ಲಿ ಕಾರ್ಮಿಕರ ನಮೂನೆ ‘ಫಾರ್ಮ್ ಡಿ’. ನೂರಾರು ಜನರ ಪರವಾಗಿ ಒಬ್ಬ ಪ್ರತಿನಿಧಿ ಕೊಡುವುದಾದರೆ ‘ಫಾರ್ಮ್ ಇ’. ಲಿಕ್ವಿಡೇಶನ್ ಹಂತದಲ್ಲಿ ಇದೇ ‘ಫಾರ್ಮ್ ಇ’ ಮತ್ತು ‘ಫಾರ್ಮ್ ಎಫ್’ ಆಗುತ್ತದೆ. ಅಕ್ಷರ ಬದಲಾಗುವುದರಿಂದ ಹಳೆಯ ನಮೂನೆ ತುಂಬಿ ಕಳಿಸುವವರಿದ್ದಾರೆ. ಪ್ರಕಟಣೆಯಲ್ಲಿ ಯಾವ ನಮೂನೆ, ಯಾವ ಕೊನೆಯ ದಿನ ಎಂದಿದೆಯೋ ಅದನ್ನೇ ಅನುಸರಿಸಿ. ಕ್ಲೇಮ್ ಹಾಕಲು ಫೀಸು ಇಲ್ಲ. ವಕೀಲರೂ ಕಡ್ಡಾಯವಲ್ಲ.

ಮೊದಲ ಹಂತದಲ್ಲಿ ಕ್ಲೇಮ್ ಕೊಟ್ಟಿದ್ದೇವಲ್ಲ ಎಂದು ಲಿಕ್ವಿಡೇಶನ್ ಬಂದಾಗ ಸುಮ್ನೆ ಕೂರಬೇಡಿ. ಮತ್ತೆ ಕೊಡಿ. ಈಗ 24 ತಿಂಗಳ ಎಣಿಕೆ ಬೇರೆ ದಿನದಿಂದ ಶುರುವಾಗಿದೆ, ಪರಿಹಾರದ ಹಣವೂ ಸೇರಿದೆ. ತಿಂಗಳುವಾರು ಬಾಕಿಯನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಒಟ್ಟಿಗೆ ‘ಬಾಕಿ 90,000’ ಎಂದಷ್ಟೇ ಬರೆದರೆ ಯಾವ ತಿಂಗಳು ಅವಧಿಯೊಳಗೆ ಎಂದು ಲಿಕ್ವಿಡೇಟರ್ ತಮಗೆ ತೋಚಿದಂತೆ ಹಂಚಿಕೊಳ್ಳಬೇಕಾಗುತ್ತದೆ.

ಸಂಬಳ ಚೀಟಿಯೇ ಇಲ್ಲದಿದ್ದರೆ?

ನೇಮಕಾತಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಿಂದೆ ಬಂದ ಸಂಬಳ, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಸಂಬಳ ಕೇಳಿ ಬರೆದ ಪತ್ರ ಎಲ್ಲವೂ ನಡೆಯುತ್ತದೆ. ಕ್ಲೇಮ್ ಬರದಿದ್ದರೂ ಕಂಪನಿಯ ಲೆಕ್ಕದ ಪುಸ್ತಕ ನೋಡಿ ಕಾರ್ಮಿಕರ ಬಾಕಿಯನ್ನು ಒಪ್ಪಿಕೊಳ್ಳುವ ಅಧಿಕಾರ ಲಿಕ್ವಿಡೇಟರ್‌ಗೆ ಇದೆ. ಆದರೆ ಸಂಬಳ ಕೊಡದ ಕಂಪನಿಯ ಪುಸ್ತಕ ಸರಿಯಾಗಿರುತ್ತದೆ ಎಂದು ನಂಬಿ ಕೂರುವುದು ಬೇಡ.

ಕಂಪನಿಯನ್ನು ಬೇರೆಯವರು ಕೊಂಡರೆ ಬಾಕಿ ಪೂರ್ತಿ ಸಿಗುತ್ತದಾ?

ಪೂರ್ತಿ ಎಂಬ ಭರವಸೆ ಇಲ್ಲ. ಕಂಪನಿ ಲಿಕ್ವಿಡೇಶನ್‌ಗೆ ಹೋಗಿದ್ದರೆ ಎಷ್ಟು ಸಿಗುತ್ತಿತ್ತೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ, ಅಷ್ಟೇ. ಯೋಜನೆಯ ಮೇಲೆ ವೋಟು ಹಾಕುವವರು ಬ್ಯಾಂಕುಗಳು. ಕಾರ್ಮಿಕರಿಗೆ ವೋಟಿಲ್ಲ. ನಿಮ್ಮಂಥವರ ಬಾಕಿ ಒಟ್ಟು ಸಾಲದ ನೂರಕ್ಕೆ ಹತ್ತರಷ್ಟಾದರೂ ಇದ್ದರೆ ಪ್ರತಿನಿಧಿ ಸಭೆಯಲ್ಲಿ ಕೂತು ಮಾತಾಡಬಹುದು.

ಯೋಜನೆಗೆ ಒಮ್ಮೆ ಎನ್‌ಸಿಎಲ್‌ಟಿ ಒಪ್ಪಿಗೆ ಕೊಟ್ಟರೆ, ಅದರಲ್ಲಿ ಸೇರದ ಹಳೆಯ ಬಾಕಿ ಮುಗಿದಂತೆ. 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಂಡಿತವಾಗಿ ಹೇಳಿದೆ. ಹೊಸ ಮಾಲೀಕರು ಬಂದ ಮೇಲೆ ಕೇಳಿದರಾಯಿತು ಎಂದು ಕಾದವರಿಗೆ ಆಮೇಲೆ ಕೇಳಲು ದಾರಿ ಇರುವುದಿಲ್ಲ.

ಬ್ಯಾಂಕು ಅಡಮಾನ ಬಿಟ್ಟುಕೊಡದೆ ತಾನೇ ಜಾಗ ಮಾರಿಕೊಂಡರೆ ನಮ್ಮ ಪಾಲು ಹೋಯಿತಾ?

ಇಲ್ಲ. ಬ್ಯಾಂಕು ಪ್ರತ್ಯೇಕವಾಗಿ ಮಾರಿಕೊಂಡರೂ, ಬಿಟ್ಟುಕೊಟ್ಟಿದ್ದರೆ ಕಾರ್ಮಿಕರಿಗೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಲಿಕ್ವಿಡೇಟರ್‌ಗೆ ಕಟ್ಟಬೇಕು ಎಂದು ಲಿಕ್ವಿಡೇಶನ್ ನಿಯಮದಲ್ಲಿದೆ. ಆ ಹಣ ಬಂತಾ ಎಂದು ಬರವಣಿಗೆಯಲ್ಲಿ ಕೇಳುವುದು ನಿಮ್ಮ ಕೆಲಸ.

ಲೇಬರ್ ಕೋರ್ಟಿನಲ್ಲಿ ನಮ್ಮ ಕೇಸು ನಡೆಯುತ್ತಿದೆ. ಅದು ಏನಾಗುತ್ತದೆ?

ದಿವಾಳಿ ಅರ್ಜಿಯನ್ನು ಎನ್‌ಸಿಎಲ್‌ಟಿ ಅಂಗೀಕರಿಸಿದ ದಿನವೇ ಕಂಪನಿಯ ಮೇಲಿನ ವಸೂಲಿ ಕೇಸುಗಳಿಗೆ ತಡೆ ಬೀಳುತ್ತದೆ. ಅಲ್ಲಿ ಈಗಾಗಲೇ ಆದೇಶ ಸಿಕ್ಕಿದ್ದರೆ ಅದು ನಿಮ್ಮ ಕ್ಲೇಮಿಗೆ ಒಳ್ಳೆಯ ಸಾಕ್ಷಿ, ಪ್ರತಿ ಲಗತ್ತಿಸಿ. ಇನ್ನೂ ನಡೆಯುತ್ತಿದ್ದರೆ ಅದರ ತೀರ್ಪಿಗೆ ಕಾಯದೆ ಕ್ಲೇಮ್ ಹಾಕಿ.

ಕಿಂಗ್‌ಫಿಷರ್ ಸಿಬ್ಬಂದಿಗೂ ಇದೇ ನಿಯಮವಾ?

ಅಲ್ಲ. ಹಾರಾಟ ನಿಂತಿದ್ದು 2012ರಲ್ಲಿ, ಮುಚ್ಚುವ ಆದೇಶವನ್ನು ಕರ್ನಾಟಕ ಹೈಕೋರ್ಟ್ ಕೊಟ್ಟಿದ್ದು 2016ರ ನವೆಂಬರ್‌ನಲ್ಲಿ. ಅದು ಹಳೆಯ ಕಂಪನಿ ಕಾಯ್ದೆಯ ದಾರಿ. ಅಲ್ಲೂ ಕಾರ್ಮಿಕರು ಮತ್ತು ಬ್ಯಾಂಕು ಸಮನಾಗಿ ನಿಲ್ಲುತ್ತಾರೆ, ಆದರೆ ವಿವರಗಳು ಬೇರೆ. ಕಂಪನಿ ಕಾಯ್ದೆಯ ಆ ರಕ್ಷಣೆಯನ್ನು ಐಬಿಸಿ ಕೇಸುಗಳಿಗೂ ಕೊಡಿ ಎಂದು ಮೋಸರ್ ಬೇರ್ ಕಂಪನಿಯ ಕಾರ್ಮಿಕರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಮೇ ತಿಂಗಳಲ್ಲಿ ಕೋರ್ಟು ಒಪ್ಪಲಿಲ್ಲ.

ಲಿಕ್ವಿಡೇಟರ್ ನಮ್ಮ ಕ್ಲೇಮನ್ನು ತಿರಸ್ಕರಿಸಿದ್ದಾರೆ. ಈಗ?

ತಿರಸ್ಕಾರದ ಪತ್ರ ಕೈಸೇರಿದ ದಿನದಿಂದ 14 ದಿನದೊಳಗೆ ಎನ್‌ಸಿಎಲ್‌ಟಿಗೆ ಮೇಲ್ಮನವಿ ಹಾಕಬೇಕು. ಪತ್ರ ಬಂದ ದಿನವನ್ನು ಲಕೋಟೆಯ ಮೇಲೆ ಬರೆದಿಡಿ, ಮೇಲ್ ಆಗಿದ್ದರೆ ಅಳಿಸಬೇಡಿ. ತಿರಸ್ಕಾರಕ್ಕೆ ಕಾರಣ ಏನು ಎಂದು ಓದಿ. ‘ಅವಧಿಯ ಹೊರಗೆ’ ಎಂದಿದ್ದರೆ ಲಿಕ್ವಿಡೇಶನ್ ಆದೇಶದ ಪ್ರತಿ ತೆಗೆದುಕೊಂಡು ತಾರೀಕನ್ನು ನೀವೇ ಹಿಂದಕ್ಕೆ ಎಣಿಸಿ. ‘ಕಾರ್ಮಿಕರಲ್ಲ’ ಎಂದಿದ್ದರೆ ಮಾಡುತ್ತಿದ್ದ ಕೆಲಸಕ್ಕೆ ಸಾಕ್ಷಿ, ಜೊತೆಗಿದ್ದ ಇಬ್ಬರು ಮೂವರ ಅಫಿಡವಿಟ್ ಸೇರಿಸಿ. ‘ದಾಖಲೆ ಸಾಲದು’ ಎಂದಷ್ಟೇ ಇದ್ದರೆ ಮೇಲ್ಮನವಿ ತಯಾರು ಮಾಡುತ್ತಲೇ, ಕೈಯಲ್ಲಿರುವ ದಾಖಲೆಯನ್ನು ಲಿಕ್ವಿಡೇಟರ್‌ಗೆ ಮೇಲ್ ಮಾಡಿ ಮತ್ತೊಮ್ಮೆ ನೋಡಲು ಕೇಳಿ. ಉತ್ತರಕ್ಕೆ ಕಾಯುತ್ತಾ 14 ದಿನ ಕಳೆದುಕೊಳ್ಳಬೇಡಿ.